ಶಾಖ ಹಿಡಿಯುವ ಅನಿಲ ಬೇರೆ, ಓಝೋನ್ ತೂತು ಬೇರೆ

"ಓಝೋನ್ ಪದರ ತೂತಾಗಿದೆ, ಅಲ್ಲಿಂದ ಬಿಸಿಲು ಜಾಸ್ತಿ ಒಳಗೆ ಬರುತ್ತಿದೆ, ಅದಕ್ಕೇ ಭೂಮಿ ಬಿಸಿಯಾಗುತ್ತಿದೆ." ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ, ಅಲ್ವಾ? ಇದರಲ್ಲಿ ಎರಡು ಬೇರೆ ವಿಷಯಗಳು ಕಲಸಿಹೋಗಿವೆ. ಬಿಡಿಸಿಕೊಳ್ಳಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕೊನೆಗೆ ಅಣುವಿಗೆ ಏನಾಯಿತು? ಕಾರ್ಬನ್ ಡೈಆಕ್ಸೈಡ್ ಶಾಖ ಹೀರಿದ ಮೇಲೂ ಕಾರ್ಬನ್ ಡೈಆಕ್ಸೈಡ್ ಆಗಿಯೇ ಇರುತ್ತದೆ. ಅಲ್ಲಿ ನಡೆಯುವುದು ಕಿರಣಗಳ ಜಮಾ-ಖರ್ಚು. ಓಝೋನ್ ಹಾನಿಯಲ್ಲಿ ಓಝೋನೇ ಮಾಯವಾಗುತ್ತದೆ. ಅದು ರಾಸಾಯನಿಕ ಕ್ರಿಯೆ.

ಶಾಖ ಸಿಕ್ಕಿಬೀಳುವುದು

ಕಣ್ಣಿಗೆ ಕಾಣುವ ಬೆಳಕು ಗಾಳಿಯನ್ನು ದಾಟಿ ಬಂದು ನೆಲವನ್ನು ಬಿಸಿ ಮಾಡುತ್ತದೆ. ನೆಲ ಆ ಶಾಖವನ್ನು ಅವಕೆಂಪು ಕಿರಣವಾಗಿ ಮೇಲಕ್ಕೆ ಬಿಡುತ್ತದೆ. ಗಾಳಿಯ ಬಹುಪಾಲು ನೈಟ್ರೋಜನ್ ಮತ್ತು ಆಕ್ಸಿಜನ್. ಅವು ಈ ಕಿರಣವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಬಿಡುತ್ತವೆ. ಹಿಡಿಯುವುದು ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್‌ನಂಥವು. ಕಾರ್ಬನ್ ಡೈಆಕ್ಸೈಡ್ ಅಣು 15 ಮೈಕ್ರೋಮೀಟರ್ ಸುತ್ತಮುತ್ತಲ ತರಂಗಾಂತರದ ಕಿರಣವನ್ನು ಹೀರಿ ಬಾಗಿ ಬಾಗಿ ಕಂಪಿಸುತ್ತದೆ. ಆ ಶಕ್ತಿಯನ್ನು ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿಯಲ್ಲಿ ದಾಟಿಸುತ್ತದೆ. ಅಲ್ಲಿನ ಗಾಳಿ ಮತ್ತೆ ಎಲ್ಲ ದಿಕ್ಕಿಗೂ, ನೆಲದ ಕಡೆಗೂ, ಅವಕೆಂಪು ಕಿರಣ ಬಿಡುತ್ತದೆ.

ಇಲ್ಲಿಯವರೆಗೆ ಸಲೀಸು. ತೊಡಕು ಮುಂದೆ. ಆ 15 ಮೈಕ್ರೋಮೀಟರ್ ಕಿರಣವನ್ನು ಈಗಿರುವ ಅನಿಲವೇ ಕೆಳಗಿನ ಗಾಳಿಯಲ್ಲಿ ಪೂರ್ತಿ ಹೀರಿಬಿಡುತ್ತದೆ. ಹಾಗಿದ್ದರೆ ಇನ್ನಷ್ಟು ಅನಿಲ ಸೇರಿದರೆ ಏನು ವ್ಯತ್ಯಾಸ?

ಉತ್ತರ ಸಿಗಬೇಕಾದರೆ ಕೆಳಗಿನಿಂದಲ್ಲ, ಬಾಹ್ಯಾಕಾಶದ ಕಡೆಯಿಂದ ನೋಡಬೇಕು. ಭೂಮಿಯ ಶಾಖ ಕೊನೆಗೆ ಹೊರಬೀಳುವುದು ಗಾಳಿ ಸಾಕಷ್ಟು ತೆಳುವಾದ ಎತ್ತರದಿಂದ. ಲೆಕ್ಕ ಹಾಕೋಣ. ಬಾಹ್ಯಾಕಾಶದಿಂದ ನೋಡಿದರೆ ಭೂಮಿ ಸರಾಸರಿ −18 ಡಿಗ್ರಿ ಇರುವ ವಸ್ತುವಿನಷ್ಟೇ ಶಾಖ ಬಿಡುತ್ತದೆ. ನೆಲದ ಸರಾಸರಿ ಸುಮಾರು 15 ಡಿಗ್ರಿ. ವ್ಯತ್ಯಾಸ 33. ಮೇಲೆ ಹೋದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. 33 ಭಾಗಿಸು 6.5, ಅಂದರೆ ಸುಮಾರು 5. ಸರಾಸರಿಯಲ್ಲಿ ಶಾಖ ಹೊರಹೋಗುವ ಜಾಗ 5 ಕಿಲೋಮೀಟರ್ ಎತ್ತರದಲ್ಲಿದೆ.

ಈಗ ಅನಿಲ ಜಾಸ್ತಿ ಆಯಿತು ಅನ್ನಿ. ಆ ಎತ್ತರದಲ್ಲೂ ಕಿರಣ ಸಿಕ್ಕಿಬೀಳುತ್ತದೆ. ಹೊರಬೀಳುವ ಜಾಗ ಇನ್ನೂ ಮೇಲಕ್ಕೆ ಸರಿಯುತ್ತದೆ. ಮೇಲೆ ಚಳಿ ಜಾಸ್ತಿ, ತಣ್ಣನೆಯ ಗಾಳಿ ಬಿಡುವ ಶಾಖ ಕಡಿಮೆ. ಬರುವ ಬಿಸಿಲು ಅಷ್ಟೇ, ಹೋಗುವ ಶಾಖ ಕಮ್ಮಿ. ಆ ಹೊಸ ಎತ್ತರ ಮತ್ತೆ −18ಕ್ಕೆ ಬರುವವರೆಗೂ ಕೆಳಗಿನ ಗಾಳಿ, ನೆಲ, ಕಡಲು ಎಲ್ಲ ಬಿಸಿಯಾಗುತ್ತಲೇ ಇರಬೇಕು. ಜಾಗ 150 ಮೀಟರ್ ಮೇಲೆ ಸರಿದರೆ 0.15 × 6.5, ಹೆಚ್ಚುಕಡಿಮೆ 1 ಡಿಗ್ರಿ. ನೀರಾವಿ ಹೆಚ್ಚುವುದು, ಹಿಮ ಕರಗುವುದು ಈ ಲೆಕ್ಕದಲ್ಲಿ ಇಲ್ಲ.

ಬಿಸಿಲೇ ಜಾಸ್ತಿಯಾಗಿದ್ದರೆ ಮೋಡ-ಮಳೆಯ ಪದರಕ್ಕಿಂತ ಮೇಲಿನ ಪದರವಾದ ಸಮೋಷ್ಣ ಮಂಡಲವೂ ಬಿಸಿಯಾಗಬೇಕಿತ್ತು. ಅಳತೆಗಳ ಪ್ರಕಾರ ಅದು ತಣ್ಣಗಾಗಿದೆ.

ಓಝೋನ್ ಕಥೆ

ಓಝೋನ್ ಹೆಚ್ಚಾಗಿ ಇರುವುದು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ. ಅತಿನೇರಳೆ ಕಿರಣ ಹೀರಿದಾಗ ಅದು ಒಡೆಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಅದು ದಿನನಿತ್ಯದ ಕೆಲಸ, ಹಾನಿಯಲ್ಲ. ಹಾನಿ ಮಾಡುವುದು ಮುಖ್ಯವಾಗಿ ಹಳೇ ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳ ಸಿಎಫ್‌ಸಿ, ಅಂದರೆ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳಿಂದ ಬಿಡುಗಡೆಯಾಗುವ ಕ್ಲೋರಿನ್:

```
Cl + O3 → ClO + O2
ClO + O → Cl + O2
```

ಎರಡನೇ ಸಾಲಿನ ಕೊನೆಗೆ ಕ್ಲೋರಿನ್ ವಾಪಸ್ ಬಂದಿದೆ ನೋಡಿ. ಅದು ಖರ್ಚಾಗಲೇ ಇಲ್ಲ. ಹಾಗಾಗಿಯೇ ಒಂದು ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಮುಗಿಸಬಲ್ಲದು.

ಸಿಎಫ್‌ಸಿ ಬಳಸಿದವರು ಹೆಚ್ಚಾಗಿ ಉತ್ತರಾರ್ಧದವರು, ತೂತು ಬಿದ್ದದ್ದು ಅಂಟಾರ್ಕ್ಟಿಕಾ ಮೇಲೆ. ಯಾಕೆ? ಅಲ್ಲಿನ ಚಳಿಗಾಲದ ಕತ್ತಲಲ್ಲಿ ಸಮೋಷ್ಣ ಮಂಡಲ ಸುಮಾರು −78 ಡಿಗ್ರಿಗಿಂತ ಕೆಳಗಿಳಿದು ಮೋಡಗಳು ಕಟ್ಟುತ್ತವೆ. ಸುಮ್ನೆ ಕೂತಿದ್ದ ಕ್ಲೋರಿನ್ ಸಂಯುಕ್ತಗಳು ಆ ಮೋಡದ ಕಣಗಳ ಮೇಲೆ `Cl2` ಆಗುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಬಿಸಿಲು ಮರಳಿದಾಗ `Cl2` ಒಡೆದು ಓಝೋನ್ ನಾಶ ಜೋರಾಗುತ್ತದೆ. ಅಲ್ಲಿ ಆಕ್ಸಿಜನ್ ಪರಮಾಣುಗಳು ಕಡಿಮೆ, ಹಾಗಾಗಿ ಎರಡನೇ ಸಾಲಿನ ಬದಲು ಎರಡು `ClO` ಜೊತೆಗೂಡುವ ದಾರಿ ಮುಖ್ಯ. ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದ ಅಳತೆಗಳಿಂದ ಈ ತೂತಿನ ವಿಷಯವನ್ನು 1985ರಲ್ಲಿ ಪ್ರಕಟಿಸಿದರು. 1987ರಲ್ಲಿ ಸಿಎಫ್‌ಸಿಗಳನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದ ಆಯಿತು.

ತೂತಿನಿಂದ ನೆಲಕ್ಕೆ ಹೆಚ್ಚುವರಿ ಅತಿನೇರಳೆ ಬರುತ್ತದೆ, ನಿಜ. ಚರ್ಮ, ಕಣ್ಣಿಗೆ ಅದು ಅಪಾಯ. ಆದರೆ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಅದರ ಪಾಲು ತೀರಾ ಸಣ್ಣದು.

ಎರಡೂ ಸೇರುವ ಜಾಗ

ಗೊಂದಲಕ್ಕೆ ನಿಜವಾದ ಕಾರಣವೂ ಇದೆ: ಸಿಎಫ್‌ಸಿ ಎರಡೂ ಕೆಲಸ ಮಾಡುತ್ತದೆ. ಫ್ರಿಜ್ ಹಿಂದಿನ ಲೇಬಲ್‌ನಲ್ಲಿ ಒಳಗಿನ ತಂಪುಕಾರಕ ಅನಿಲದ ಹೆಸರು ಓದಿದರೆ ಇದು ಅಭ್ಯಾಸವಾಗುತ್ತದೆ. `R-12` ಇದ್ದರೆ ಅದು ಸಿಎಫ್‌ಸಿ: ಅದರಲ್ಲಿ ಕ್ಲೋರಿನ್ ಇದೆ, ಶಾಖವನ್ನೂ ವಿಪರೀತ ಹಿಡಿಯುತ್ತದೆ. ಬದಲಿಗೆ ಬಂದ `R-134a`ದಲ್ಲಿ ಕ್ಲೋರಿನ್ ಇಲ್ಲ, ಓಝೋನ್‌ಗೆ ತೊಂದರೆಯಿಲ್ಲ. ಆದರೆ 100 ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಬಿಸಿ ಮಾಡುತ್ತದೆ. ಅದಕ್ಕೇ 2016ರಲ್ಲಿ ಕಿಗಾಲಿ ತಿದ್ದುಪಡಿ ತಂದು ಇಂಥ ಅನಿಲಗಳನ್ನೂ ಮಾಂಟ್ರಿಯಲ್ ಒಪ್ಪಂದದೊಳಗೆ ತಂದರು. `R-600a` ಅಂತಿದ್ದರೆ ಅದು ಐಸೊಬ್ಯುಟೇನ್: ಕ್ಲೋರಿನ್ ಇಲ್ಲ, ಬಿಸಿ ಮಾಡುವುದೂ ಅತ್ಯಲ್ಪ, ಆದರೆ ಬೆಂಕಿ ಹತ್ತಿಕೊಳ್ಳುತ್ತದೆ.