ಹೆಸರು ರಾಬರ್ಟ್, ಸಹಿ ಬಾಬ್

ವಿಲಿಯಂ ಅಂದರೆ ವಿಲ್, ಇಲ್ಲವೇ ಬಿಲ್. ಮಾರ್ಗರೆಟ್ ಅಂದರೆ ಮೆಗ್, ಇಲ್ಲವೇ ಪೆಗ್ಗಿ. ಇಂಗ್ಲಿಷ್ ಹೆಸರುಗಳಿಗೆ ಹೀಗೆ ರೂಢಿಯ ಕಿರುರೂಪಗಳಿವೆ. ವಿಲ್ ಅರ್ಥವಾಗುತ್ತದೆ, ಹೆಸರಿನ ಮೊದಲ ತುಂಡು. ಬಿಲ್‌ನಲ್ಲಿರುವ ‘ಬ’ ಎಲ್ಲಿಂದ ಬಂತು?

1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದಿನ ತಲೆಮಾರುಗಳಲ್ಲಿ ಅಲ್ಲಿನ ಹಳೆಯ ಹೆಸರುಗಳು ಬಹುಪಾಲು ಮರೆಯಾದವು. ಎಲ್ಲೆಲ್ಲೂ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್. ಒಂದೇ ಊರಲ್ಲಿ ನಾಲ್ಕೈದು ರಾಬರ್ಟ್‌ಗಳಿದ್ದರೆ ಯಾರನ್ನು ಕರೆದದ್ದು ಅಂತ ಗೊತ್ತಾಗುವುದು ಹೇಗೆ? ಮೊದಲು ರಾಬ್ ಆಯಿತು. ಆಮೇಲೆ ಪ್ರಾಸ ಹಿಡಿದು ಹಾಬ್, ಡಾಬ್, ಬಾಬ್ ಬಂದವು. ವಿಲ್ ಬಿಲ್ ಆದದ್ದು, ರಿಕ್ ಡಿಕ್ ಆದದ್ದು, ಮೆಗ್ ಪೆಗ್ ಆದದ್ದು ಇದೇ ದಾರಿಯಲ್ಲಿ. ಹಾಬ್, ಡಾಬ್ ಈಗ ಬಳಕೆಯಲ್ಲಿಲ್ಲ, ಆದರೆ ಹಾಬ್ಸನ್, ಡಾಬ್ಸನ್ ಎಂಬ ಮನೆತನದ ಹೆಸರುಗಳಲ್ಲಿ ಉಳಿದಿವೆ. ಎಡ್ವರ್ಡ್‌ನ ನೆಡ್ ಕಥೆ ಬೇರೆ. ‘ನನ್ನ ಎಡ್’ ಅನ್ನುವುದಕ್ಕೆ ಆಗ ‘ಮೈನ್ ಎಡ್’ ಅನ್ನುತ್ತಿದ್ದರು, ಆ ‘ನ್’ ಹೆಸರಿಗೇ ಅಂಟಿಕೊಂಡಿತು.

ನಮ್ಮಲ್ಲೂ ಶ್ರೀನಿವಾಸ ಸೀನು ಆಗುತ್ತಾನೆ, ಕೃಷ್ಣ ಕಿಟ್ಟಿ ಆಗುತ್ತಾನೆ. ಆದರೆ ಅದು ಹೆಚ್ಚಾಗಿ ಮನೆಯವರ, ಗೆಳೆಯರ ಸಲಿಗೆ. ಅಲ್ಲಿ ಹಾಗಲ್ಲ. ಜೇಮ್ಸ್ ಅರ್ಲ್ ಕಾರ್ಟರ್ 1977ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡದ್ದೇ ‘ಜಿಮ್ಮಿ ಕಾರ್ಟರ್’ ಎಂದು.

ಹಾಗಾದರೆ ಹೊಸಬರನ್ನು ಏನಂತ ಕರೆಯಬೇಕು? ಅವರು ತಮ್ಮನ್ನು ಹೇಗೆ ಪರಿಚಯಿಸಿಕೊಂಡರೋ ಹಾಗೆ, ಅಷ್ಟೇ. ಕ್ಲೈಂಟ್ ಕಡೆಯಿಂದ ಒಂದು ಮೇಲ್ ಬಂದಿದೆ ಅನ್ನಿ. ಮೇಲ್ಗಡೆ ‘ರಾಬರ್ಟ್’ ಅಂತಿದೆ, ಅದನ್ನು ಕಂಪನಿಯ ಸಿಸ್ಟಮ್ಮೇ ಹಾಕಿರುತ್ತದೆ. ಕೆಳಗೆ ‘ಬಾಬ್’ ಅಂತಿದೆ, ಅದನ್ನು ಅವರೇ ಟೈಪ್ ಮಾಡಿದ್ದಾರೆ. ಉತ್ತರ ಬರೆಯುವಾಗ ‘ಹಾಯ್ ಬಾಬ್’ ಅನ್ನಿ. ಸಲಿಗೆ ಜಾಸ್ತಿಯಾಯಿತೇನೋ ಅಂತ ‘ರಾಬರ್ಟ್’ಗೆ ವಾಪಸ್ ಹೋಗಬೇಡಿ, ಯಾಕೋ ಮುನಿಸಿಕೊಂಡಂತೆ ಕಾಣಬಹುದು. ‘ಮಿಸ್ಟರ್ ಬಾಬ್’ ಅಂತೂ ಬೇಡವೇ ಬೇಡ. ಮಿಸ್ಟರ್ ಸೇರುವುದು ಮನೆತನದ ಹೆಸರಿಗೆ.

ರಾಬರ್ಟ್ ಅಂತಲೇ ಸಹಿ ಮಾಡುವವರನ್ನು ಸುಮ್ನೆ ಬಾಬ್ ಅನ್ನುವುದೂ ತಪ್ಪೇ. ಕೆಲವರಿಗೆ ಬಾಬ್ ಅಂದರೆ ಇಷ್ಟ, ಕೆಲವರಿಗೆ ರಾಬ್, ಕೆಲವರಿಗೆ ಎರಡೂ ಆಗುವುದಿಲ್ಲ. ಎಲಿಜಬೆತ್ ಆದರೆ ಇನ್ನೂ ಕಷ್ಟ, ಲಿಜ್, ಬೆತ್, ಬೆಟ್ಟಿ, ಯಾವುದೂ ಆಗಿರಬಹುದು. ರಿಚರ್ಡ್ ವಿಷಯದಲ್ಲಂತೂ ಹುಷಾರು. ಡಿಕ್ ಈಗ ಬೈಗುಳವೂ ಹೌದು, ಇಂದಿನ ಹುಡುಗರು ಆ ಹೆಸರಿಟ್ಟುಕೊಳ್ಳುವುದು ಅಪರೂಪ. ಗೊತ್ತಾಗದಿದ್ದರೆ ಪೂರ್ತಿ ಹೆಸರನ್ನೇ ಹೇಳಿ. ಬೇಕಿದ್ದರೆ ‘ಪ್ಲೀಸ್, ಕಾಲ್ ಮಿ ಬಾಬ್’ ಅಂತ ಅವರೇ ತಿದ್ದುತ್ತಾರೆ.