ಆಕಾಶದಲ್ಲಿ ನಾಲ್ಕು ಚುಕ್ಕಿ

ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಹೋದ ತಿಂಗಳು ನಮ್ಮ ರಿಪೇರಿ ಅಂಗಡಿಗೆ ಬಂದ. ಮುಳ್ಳಯ್ಯನಗಿರಿಯಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮುಗಿಸಿ ಬಂದಿದ್ದ. ಎಲ್ಲ ಫೋಟೋದಲ್ಲೂ ಆಕಾಶದ ಅದೇ ಜಾಗದಲ್ಲಿ ನಾಲ್ಕು ಮಸುಕು ಕಪ್ಪು ಚುಕ್ಕಿ. 'ಲೆನ್ಸ್ ಹೋಯ್ತಾ ಸರ್? ಮೊನ್ನೆ ಛತ್ರದಲ್ಲಿ ಚೆನ್ನಾಗಿತ್ತಲ್ಲ' ಎಂದ.

ಛತ್ರದಲ್ಲೂ ಆ ಚುಕ್ಕಿಗಳು ಇದ್ದಿರಬೇಕು, ಕಂಡಿರಲಿಲ್ಲ ಅಷ್ಟೇ. ಅಲ್ಲಿ ಅವನು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ದೊಡ್ಡದಾಗಿ ತೆರೆದು f/2.8ರಲ್ಲಿ ತೆಗೆದಿದ್ದ, ಬೆಟ್ಟದ ಮೇಲೆ ಕಿರಿದು ಮಾಡಿ f/16ರಲ್ಲಿ. ಇಂಥ ಚುಕ್ಕಿ ಸಾಮಾನ್ಯವಾಗಿ ಧೂಳಿನ ನೆರಳು. ಧೂಳು ಕೂರುವುದು ಚಿತ್ರ ಹಿಡಿಯುವ ಸೆನ್ಸರ್ ಮೇಲೆ ನೇರವಾಗಿ ಅಲ್ಲ, ಅದರ ಮುಂದಿರುವ ತೆಳು ಗಾಜಿನ ಫಿಲ್ಟರ್ ಮೇಲೆ. ಅಪರ್ಚರ್ ದೊಡ್ಡದಾಗಿದ್ದರೆ ಬೆಳಕು ನಾನಾ ಕೋನಗಳಿಂದ ಬಂದು ಧೂಳಿನ ನೆರಳನ್ನು ಅಳಿಸಿಬಿಡುತ್ತದೆ. ಕಿರಿದು ಮಾಡಿದರೆ ಬೆಳಕು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬರುತ್ತದೆ, ನೆರಳು ಅಚ್ಚೊತ್ತಿದ ಹಾಗೆ ಬೀಳುತ್ತದೆ. ಟ್ಯೂಬ್‌ಲೈಟ್ ಕೆಳಗೆ ಬೆರಳಿನ ನೆರಳು ಮಸುಕಾಗಿ, ಟಾರ್ಚ್ ಮುಂದೆ ಗಟ್ಟಿಯಾಗಿ ಬೀಳುತ್ತದಲ್ವಾ, ಹಾಗೆ.

ಲೆನ್ಸ್ ಬದಲಿಸಿ ನೋಡಿದೆವು. ಚುಕ್ಕಿಗಳು ಅಲ್ಲೇ ಇದ್ದವು. ಹಾಗಾದರೆ ತಪ್ಪು ಲೆನ್ಸಿನದಲ್ಲ. ಬಿಳಿ ಗೋಡೆಯ ಮುಂದೆ ನಿಂತು, f/22, ISO 100 ಇಟ್ಟು, ಮ್ಯಾನುಯಲ್‌ನಲ್ಲಿ ಫೋಕಸ್ ತಪ್ಪಿಸಿ ಒಂದು ಫೋಟೋ ತೆಗೆದೆ. ಶಟರ್ ನಿಧಾನವಾಗುತ್ತದೆ, ಕೈ ಅಲುಗಿದರೂ ಪರವಾಗಿಲ್ಲ. ಗೋಡೆ ಕಲಸಿಹೋಗುತ್ತದೆ, ಧೂಳು ಮಾತ್ರ ನಿಂತಲ್ಲೇ ಕಾಣುತ್ತದೆ. ಮೂರು ಚುಕ್ಕಿ ಅಂಕುಡೊಂಕಾಗಿದ್ದವು. ನಾಲ್ಕನೆಯದು ದುಂಡಗೆ, ಅಂಚು ಕಪ್ಪು, ನಡುವೆ ತುಸು ಬಿಳುಪು. ಇದರ ಮೇಲೆ ನನಗೆ ಆಗಲೇ ಅನುಮಾನ ಬಂತು.

ಮೊದಲು ಬ್ಲೋವರ್. ಅಂದರೆ ಕೈಯಲ್ಲಿ ಹಿಸುಕುವ ರಬ್ಬರ್ ಬುಗ್ಗೆ, ಅಷ್ಟೇ. ಬಾಯಿಂದ ಊದಿದರೆ ಎಂಜಲಿನ ಹನಿ ಹಾರುತ್ತದೆ. ಡಬ್ಬಿಯ ಕಂಪ್ರೆಸ್ಡ್ ಗಾಳಿ ಇನ್ನೂ ಕೆಟ್ಟದ್ದು, ಒಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆ ಕೂರುತ್ತದೆ.

ಅವನದು ಡಿಎಸ್ಎಲ್ಆರ್. ಬ್ಯಾಟರಿ ಫುಲ್ ಚಾರ್ಜ್ ಮಾಡಿ, ಮೆನುವಿನಲ್ಲಿ ಕ್ಲೀನಿಂಗ್‌ಗೆ ಅಂತಲೇ ಇರುವ ಆಯ್ಕೆ ಒತ್ತಿ ಕನ್ನಡಿ ಎತ್ತಿಸಿದೆ. ಬಲ್ಬ್ ಮೋಡ್‌ನಲ್ಲಿ ಬಟನ್ ಹಿಡಿದುಕೊಂಡು ಈ ಕೆಲಸ ಮಾಡಬೇಡಿ. ಬೆರಳು ಜಾರಿದರೆ ಶಟರ್ ಪರದೆ ಬ್ಲೋವರಿನ ಮೂತಿಗೆ ಬಡಿದು ಹರಿಯುತ್ತದೆ. ಮಿರರ್‌ಲೆಸ್ ಆದರೆ ಕನ್ನಡಿಯ ತಾಪತ್ರಯವಿಲ್ಲ, ಆದರೆ ಕೆಲವು ಮಾಡೆಲ್‌ಗಳಲ್ಲಿ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತದೆ. ಕಾಣುತ್ತಿರುವುದು ಸೆನ್ಸರೋ ಪರದೆಯೋ ನೋಡಿಕೊಳ್ಳಿ.

ಬ್ಲೋವರನ್ನು ಮೊದಲು ಹೊರಗೆ ನಾಲ್ಕು ಸಲ ಹಿಸುಕಿದೆ, ಅದರೊಳಗಿನ ಧೂಳೇ ಒಳಗೆ ಹೋಗಬಾರದಲ್ಲ. ಆಮೇಲೆ ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ಮೂತಿಯನ್ನು ಲೆನ್ಸ್ ಕೂರುವ ಬಳೆಯಿಂದ ಒಳಗೆ ತೂರಿಸದೆ, ಎಂಟು ಹತ್ತು ಸಲ ಊದಿದೆ. ಮತ್ತೆ ಗೋಡೆಯ ಫೋಟೋ. ಮೂರು ಚುಕ್ಕಿ ಹೋಗಿದ್ದವು.

ನನ್ನ ಲೆಕ್ಕದಲ್ಲಿ ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ನಾಲ್ಕನೆಯದು ಎಣ್ಣೆಯ ಹನಿ, ಶಟರ್ ಭಾಗಗಳಿಂದ ಸಿಡಿದದ್ದು. ಅದು ಗಾಳಿಗೆ ಜಗ್ಗುವುದಿಲ್ಲ, ಸ್ವಾಬ್ ಬೇಕು, ಅಂದರೆ ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ. ಸ್ವಾಬಿನ ಅಗಲ ಸೆನ್ಸರಿಗೆ ಹೊಂದಬೇಕು: ಫುಲ್ ಫ್ರೇಮ್‌ಗೆ 24 ಮಿ.ಮೀ., ಎಪಿಎಸ್-ಸಿಗೆ 16 ಮಿ.ಮೀ. ಸೆನ್ಸರ್ ಕ್ಲೀನಿಂಗ್ ದ್ರವ ಎರಡೇ ಹನಿ. ಜಾಸ್ತಿ ಹಾಕಿದರೆ ಒಣಗುವಾಗ ಗೆರೆ ಬೀಳುತ್ತದೆ. ಈ ತುದಿಯಿಂದ ಆ ತುದಿಗೆ ಒಂದು ಸಲ ಎಳೆದು, ಮಗುಚಿ ವಾಪಸ್ ಎಳೆದು, ಎಸೆದುಬಿಡಬೇಕು. ಊದದೆ ಸ್ವಾಬ್ ಹಾಕಿದಿರೋ, ಮರಳಿನ ಕಣವೊಂದು ಸಿಕ್ಕಿಕೊಂಡು ಗಾಜಿನ ಉದ್ದಕ್ಕೂ ಗೀರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಉಜ್ಜಿದ ಕ್ಯಾಮೆರಾಗಳನ್ನೂ ನೋಡಿದ್ದೇನೆ. ಒಂದು ಚುಕ್ಕಿ ತೆಗೆಯಲು ಹೋಗಿ ಇಪ್ಪತ್ತು ಎಳೆ ಅಂಟಿಸಿಕೊಂಡಿರುತ್ತಾರೆ.

ಸ್ವಾಬ್ ಮಾಡಿದ ಮೇಲೂ ಚುಕ್ಕಿ ಕದಲದಿದ್ದರೆ, ಬಳ್ಳಿಯಂತೆ ಹರಡಿದ ಬೂಷ್ಟು ಕಂಡರೆ, ಎಣ್ಣೆ ಪದೇ ಪದೇ ಸಿಡಿಯುತ್ತಿದ್ದರೆ ಸರ್ವಿಸ್ ಸೆಂಟರೇ ಗತಿ. ಧೂಳು ಫಿಲ್ಟರಿನ ಕೆಳಗೆ ಸೇರಿದ್ದರೆ ಅದನ್ನು ಬಿಚ್ಚಿಯೇ ತೆಗೆಯಬೇಕು. ವಾರಂಟಿ ಇದ್ದರಂತೂ ಮೊದಲು ಅಲ್ಲಿಗೇ ಕೊಡಿ.

ಎಲ್ಲಿ ಹುಡುಕಬೇಕು ಎಂಬುದೊಂದು ಉಳಿಯಿತು. ಫೋಟೋದಲ್ಲಿ ಮೇಲೆ ಎಡಕ್ಕೆ ಕಂಡ ಚುಕ್ಕಿ, ಕ್ಯಾಮೆರಾವನ್ನು ನೆಟ್ಟಗೆ ಹಿಡಿದು ಮುಂದಿನಿಂದ ನೋಡಿದರೆ ಸೆನ್ಸರಿನ ಕೆಳಗೆ ಎಡಕ್ಕೆ ಇರುತ್ತದೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದಲ್ಲ.

ಹುಡುಗನ ಚಿಂತೆ ಕ್ಯಾಮೆರಾದ್ದಲ್ಲ, ಆಗಲೇ ತೆಗೆದಿದ್ದ ಫೋಟೋಗಳದ್ದು. ಚುಕ್ಕಿಗಳು ಕದಲದಿರುವುದೇ ಇಲ್ಲಿ ಅನುಕೂಲ. ಲೈಟ್‌ರೂಮ್‌ನಲ್ಲಿ ಒಂದು ಫೋಟೋದ ನಾಲ್ಕನ್ನೂ ಅಳಿಸಿ, ಅದೇ ತಿದ್ದುಪಡಿಯನ್ನು ಮಿಕ್ಕವಕ್ಕೆ ಸಿಂಕ್ ಮಾಡಿಕೊಟ್ಟೆ. ಎರಡರಲ್ಲಿ ಮಾತ್ರ ಚುಕ್ಕಿ ಹುಡುಗಿಯ ಕೂದಲ ಮೇಲೆ ಬಂದಿತ್ತು. ಅವನ್ನು ಕೂತು ಕೈಯಲ್ಲೇ ತಿದ್ದಿದ.