‘ನಾನು ಯಾರು?’ ಎಂದು ಕೇಳಿಕೊಂಡ ಮೇಲೆ ಏನು ಮಾಡಬೇಕು?

1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಅಂತ ಒಬ್ಬ ಸರ್ಕಾರಿ ನೌಕರರು ತಿರುವಣ್ಣಾಮಲೈಯ ವಿರೂಪಾಕ್ಷ ಗುಹೆಗೆ ಹೋಗಿ ರಮಣ ಮಹರ್ಷಿಗಳನ್ನು ಪ್ರಶ್ನೆ ಕೇಳಿದರು. ರಮಣರಿಗೆ ಆಗ ಇನ್ನೂ ಇಪ್ಪತ್ತೆರಡರ ಆಸುಪಾಸು. ಮಾತಾಡುತ್ತಿರಲಿಲ್ಲ, ಉತ್ತರವನ್ನೆಲ್ಲ ಸನ್ನೆಯಲ್ಲೋ ಬರೆದೋ ತಿಳಿಸಿದರು. ‘ನಾನು ಯಾರು?’ ಅನ್ನೋ ಪುಟ್ಟ ಪುಸ್ತಕ ಹುಟ್ಟಿದ್ದು ಆ ಉತ್ತರಗಳಿಂದ. ಅದರಲ್ಲಿ ಅಭ್ಯಾಸದ ಕ್ರಮ ಹೇಳಿರೋದು ಕೆಲವೇ ಸಾಲುಗಳಲ್ಲಿ. ನಾವು ಎಡವೋದೂ ಅಲ್ಲೇ.

ಒಂದು ಉದಾಹರಣೆ ನೋಡೋಣ. ಕಣ್ಣು ಮುಚ್ಚಿ ಕೂತಿದ್ದೀರಿ. ‘ನಿನ್ನೆ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹಾಗಂದುಬಿಟ್ಟರಲ್ಲ’ ಅಂತ ಯೋಚನೆ ಬಂತು. ಬಿಟ್ಟರೆ ಅದು ಬೆಳೆಯುತ್ತೆ: ನಾನೇನು ಹೇಳಬೇಕಿತ್ತು, ನಾಳೆ ಹೇಗೆ ಮುಖ ತೋರಿಸಲಿ, ಹೀಗೆ. ಆ ಯೋಚನೆಯನ್ನು ಓಡಿಸೋಕೆ ಹೋಗಬೇಡಿ, ಸರಿಯೋ ತಪ್ಪೋ ಅಂತ ಅಳೆಯಲೂ ಬೇಡಿ. ಇದು ಯಾರಿಗೆ ಬಂತು ಅಂತ ಕೇಳಿಕೊಳ್ಳಿ. ‘ನನಗೆ’ ಅನ್ನೋದು ತಾನಾಗೇ ತಿಳಿಯುತ್ತೆ. ಇಷ್ಟು ಹೊತ್ತು ಮೀಟಿಂಗಿನ ಕಡೆ ಇದ್ದ ಗಮನ ಈಗ ಅವಮಾನ ಆಯಿತು ಅಂತಿರುವವನ ಕಡೆ ತಿರುಗಿದೆ, ಅಲ್ವಾ? ಆಗ ‘ಈ ನಾನು ಯಾರು?’ ಅಂತ ಕೇಳಿ, ಆ ‘ನಾನು’ ಅನ್ನೋ ಅನಿಸಿಕೆ ಮೇಲೇ ಸುಮ್ನೆ ನಿಲ್ಲಿ. ಮೀಟಿಂಗಿನ ಯೋಚನೆಗೆ ಗಮನ ಸಿಗದೆ ಅದು ಇಳಿದುಹೋಗುತ್ತೆ. ಎರಡು ಕ್ಷಣ ಬಿಟ್ಟು ಇನ್ನೊಂದು ಬರುತ್ತೆ. ಅದಕ್ಕೂ ಇದೇ.

ಜಾಸ್ತಿ ಜನ ತಪ್ಪೋದು ಉತ್ತರ ಹೇಳೋಕೆ ಹೋಗಿ. ‘ನಾನು ದೇಹವಲ್ಲ, ನಾನು ಬ್ರಹ್ಮ’ ಅಂತ ಒಳಗೊಳಗೇ ಹೇಳಿಕೊಂಡರೆ ಅದೂ ಒಂದು ಯೋಚನೆಯೇ, ಅದು ಯಾರಿಗೆ ಬಂತು ಅಂತಲೂ ಕೇಳಬೇಕಾಗುತ್ತೆ. ಪ್ರಶ್ನೆಯನ್ನೇ ಜಪದ ಹಾಗೆ ತಿರುತಿರುಗಿ ಹೇಳುತ್ತಾ ಕೂತರೂ ಗಮನ ಶಬ್ದದ ಮೇಲೇ ಉಳಿಯುತ್ತೆ. ಗಮನ ತಿರುಗಿತು ಅಂದ ಮೇಲೆ ಪ್ರಶ್ನೆಯ ಕೆಲಸ ಮುಗಿಯಿತು. ರಮಣರು ಕೊಡುವ ಹೋಲಿಕೆ ಸ್ಮಶಾನದ್ದು: ಚಿತೆ ಕೆದಕುವ ಕೋಲು ಕೊನೆಗೆ ತಾನೂ ಅದರಲ್ಲೇ ಸುಟ್ಟುಹೋಗುತ್ತೆ, ಈ ಪ್ರಶ್ನೆಯೂ ಹಾಗೆ.

ಇನ್ನೊಂದು ತೊಡಕು ಗುರುತಿಸೋದು ಸ್ವಲ್ಪ ಕಷ್ಟ. ಯೋಚನೆಯೇ ಇಲ್ಲ, ಹಾಯಾಗಿದೆ, ಆದರೆ ಎದ್ದಾಗ ಹೊತ್ತು ಹೇಗೆ ಹೋಯಿತು ಅಂತ ಗೊತ್ತೇ ಇಲ್ಲ. ಇದು ಮನೋಲಯ, ಅಂದರೆ ಮನಸ್ಸು ಸ್ವಲ್ಪ ಹೊತ್ತು ಅಡಗಿ ಕೂತಿರೋದು, ನಿದ್ದೆಯ ನೆಂಟ. ‘ನಾನು ಯಾರು?’ ಅನ್ನೋ ಹುಡುಕಾಟ ಸರಿಯಾಗಿ ನಡೆದಿದ್ದರೆ ಯೋಚನೆ ನಿಂತಾಗಲೂ ‘ಇದ್ದೇನೆ’ ಅನ್ನೋ ಅರಿವು ಚುರುಕಾಗೇ ಇರುತ್ತೆ. ಮಂಪರು ಕವಿಯುತ್ತಿದೆ ಅನಿಸಿದ ಕೂಡಲೇ ‘ಈ ಮಂಪರು ಯಾರಿಗೆ?’ ಅಂತ ಅಲ್ಲಿಂದಲೇ ಶುರು ಮಾಡಿ.

ಮನಸ್ಸು ತೀರಾ ಎದ್ದು ಕುಣಿಯುತ್ತಿದ್ದರೆ ಸ್ವಲ್ಪ ಹೊತ್ತು ಉಸಿರನ್ನು ಗಮನಿಸಬಹುದು. ಆದರೆ ಉಸಿರಿನಿಂದ ಬಂದ ಶಾಂತಿ ಉಸಿರು ಹತೋಟಿಯಲ್ಲಿರುವ ತನಕ ಮಾತ್ರ ಅಂತ ರಮಣರು ಸ್ಪಷ್ಟವಾಗೇ ಹೇಳಿದ್ದಾರೆ. ಅದಕ್ಕೇ ಮನಸ್ಸು ತುಸು ತಣ್ಣಗಾದ ಕೂಡಲೇ ಉಸಿರನ್ನು ಬಿಟ್ಟು, ಅದನ್ನು ಗಮನಿಸುತ್ತಿದ್ದವನ ಕಡೆ ತಿರುಗಬೇಕು.